ಏಳು ವರ್ಷ ನಾನು ಕಾವೇರಿಯಾಗಿದ್ದೆ

ನನ್ನ ಮೂಗಿನ ಬಲಹೊಳ್ಳೆಯ ಮೇಲೆ ಸಾಸಿವೆಕಾಳಿನಷ್ಟು ಒಂದು ಚುಕ್ಕೆ ಇದೆ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ. ಮುಂದಿನ ಬೆಂಚಿನ ತುಂಟರು ಅದೇನು ಸಾರ್ ಅಂತ ಕೇಳಿದಾಗಲೆಲ್ಲ ಸಿಡುಬಿನ ಕಲೆ ಕಣ್ರೋ ಅಂತ ಹೇಳಿ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ. ಸಿಡುಬು ಬಂದರೆ ಒಂದೇ ಒಂದು ಕಲೆ, ಅದೂ ಅಳತೆ ಹಿಡಿದು ಮೂಗುತಿಯ ಜಾಗದಲ್ಲೇ ಆಗುತ್ತದೆಯೇ ಅಂತ ಯಾವ ಬುದ್ಧಿವಂತನೂ ಕೇಳಲಿಲ್ಲ, ನನ್ನ ಪುಣ್ಯ. ಹೆಂಡತಿಗೆ ಮದುವೆಯಾದ ಹೊಸದರಲ್ಲೇ ಅರ್ಧ ಹೇಳಿದ್ದೆ: ಹರಕೆಗೆ ಚುಚ್ಚಿಸಿದ್ದರು ಅಂತ. ಉಳಿದರ್ಧವನ್ನು ಹೇಳಲು ಧೈರ್ಯ ಸಾಲಲಿಲ್ಲ. ನಾನು ಹುಟ್ಟಾ ಪುಕ್ಕಲ. ಗೇಟಿನ ಚಿಲಕ ಹಾಕಿದೆನೋ ಇಲ್ಲವೋ ಅಂತ ಮೂರು ಸಲ ಎದ್ದು ನೋಡುವ ಜಾತಿ. ಆ ಪುಕ್ಕಲುತನ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು, ಆದರೆ ಅದನ್ನು ಹೇಳಹೊರಟರೆ ಉಳಿದರ್ಧವನ್ನೂ ಹೇಳಬೇಕಾಗುತ್ತದೆ.

ಹೇಳಿಸಿದವಳು ಮಗಳು. ಮೈತ್ರಿ ಮಂಗಳೂರಿನಲ್ಲಿ ಎಂ.ಎ. ಓದುತ್ತಾಳೆ. ಹೋದ ರಜೆಯಲ್ಲಿ ಕುಶಾಲನಗರದ ಮನೆಗೆ ಬಂದವಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿ, ಲ್ಯಾಪ್‌ಟಾಪ್ ತೆರೆದು, ತಲೆ ಕೆರೆದುಕೊಳ್ಳುತ್ತ ಕೂತಿದ್ದಳು. ಏನಮ್ಮಾ ಅದು ಅಂತ ಕೇಳಿದ್ದೇ ತಪ್ಪಾಯಿತು.

“ಪ್ರಬಂಧ ಬರೀಬೇಕಪ್ಪ. ಲಿಂಗ ಬೇರೆ, ಲಿಂಗತ್ವ ಬೇರೆ ಅಂತ. ದೇಹ ಅನ್ನೋದು ಒಂದು. ವರ್ಣತಂತು, ಹಾರ್ಮೋನು, ಒಳಗಿನ ಅಂಗ, ಹೊರಗಿನ ಅಂಗ. ಅದರಲ್ಲೂ ಎಲ್ಲರಿಗೂ ಎಲ್ಲ ಒಂದೇ ಸಾಲಿಗೆ ಬರಲ್ಲ, ಎರಡರ ನಡುವೆ ಹುಟ್ಟೋ ಮಕ್ಕಳೂ ಇರ್ತಾರೆ. ಇಂಥ ದೇಹದವರು ಹೀಗೆ ಕೂರಬೇಕು, ಹೀಗೆ ಉಡಬೇಕು, ಇವರು ಮೊದಲು ಉಣ್ಣಬೇಕು, ಅವರು ಆಮೇಲೆ ಅನ್ನೋದು ಇನ್ನೊಂದು. ಅದನ್ನ ಕಟ್ಟೋದು ಸಮಾಜ.”

“ಸರಿ, ಬರಿ ಮತ್ತೆ.”

“ಅಷ್ಟೇ ಆಗಿದ್ರೆ ಬರೀತಿದ್ದೆ. ಪರ್ಫಾರ್ಮೆಟಿವಿಟಿ ಅಂತ ಒಂದಿದೆ. ಕನ್ನಡದಲ್ಲಿ ಒಬ್ಬೊಬ್ಬರು ಒಂದೊಂದು ಪದ ಹೇಳ್ತಾರೆ. ಅದಕ್ಕೆ ನನ್ನದೇ ಒಂದು ಉದಾಹರಣೆ ಕೊಡಬೇಕಂತೆ. ಎಲ್ಲರೂ ಯಕ್ಷಗಾನದ ಸ್ತ್ರೀವೇಷ ಅಂತಾರೆ. ಮೇಷ್ಟ್ರು, ಅದು ತಪ್ಪು ಅಂತ ವಾಪಸ್ ಕೊಡ್ತಾರೆ.”

“ಯಾಕೆ ತಪ್ಪು?”

“ವೇಷ ಕಳಚಿದ್ರೆ ಒಳಗೆ ನಟ ಇರ್ತಾನಲ್ಲ. ಇದು ಹಾಗಲ್ಲಪ್ಪ. ಒಳಗೆ ಮೊದಲೇ ಒಬ್ಬಳು ಹೆಣ್ಣು ಇದ್ದು ಅವಳು ಹೆಣ್ಣಿನ ಹಾಗೆ ನಡೆಯೋದಲ್ಲ. ಹಾಗೆ ನಡೆದೂ ನಡೆದೂ, ದಿನಾ ಅದನ್ನೇ ಮಾಡಿ ಮಾಡಿ, ಒಳಗೊಬ್ಬಳು ಇದ್ದಾಳೆ ಅನ್ನೋದು ತಯಾರಾಗುತ್ತೆ. ಮಾಡದಿದ್ರೆ ಶಿಕ್ಷೆ ಇರುತ್ತೆ, ಅದಕ್ಕೆ ಬಿಡೋಕಾಗಲ್ಲ. ಇದನ್ನ ಯಾವ ಉದಾಹರಣೇಲಿ ತೋರಿಸಲಿ, ಹೇಳಿ.”

ನನ್ನ ಕೈ ತಾನಾಗಿ ಮೂಗಿಗೆ ಹೋಯಿತು. ನಿವೃತ್ತ ಹೆಡ್‌ಮಾಸ್ತರು ಲಂಗ ಉಟ್ಟಿದ್ದ ಕತೆ ನೆಂಟರ ವಾಟ್ಸಾಪ್ ಗುಂಪಿಗೆ ಬಿದ್ದರೆ ಏನು ಗತಿ ಅನ್ನುವುದೇ ಮೊದಲು ಬಂದ ಯೋಚನೆ. ಆದರೂ ಹೇಳಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿದ್ದದ್ದು ಭಾಗಮಂಡಲದಲ್ಲಿ, ದೇವಸ್ಥಾನದಿಂದ ಕೂಗಳತೆಯ ಮನೆಯಲ್ಲಿ. ಮುಂದೆ ಉದ್ದ ಜಗಲಿ, ಅದರ ಹಿಂದೆ ನಡುಮನೆ, ಒಂದು ಕತ್ತಲೆ ಕೋಣೆ, ಅಡಿಗೆಮನೆ, ಹಿತ್ತಿಲಲ್ಲಿ ಬಚ್ಚಲು. ಅಪ್ಪಯ್ಯ ಸಂಗಮಕ್ಕೆ ಬಂದವರಿಗೆ ತರ್ಪಣ ಬಿಡಿಸುವ ಪುರೋಹಿತರು. ಬೆಳಗ್ಗೆ ಒದ್ದೆಪಂಚೆಯಲ್ಲಿ ಹೊಳೆಬದಿಗೆ ಹೋದರೆ ಮಡಿಕೇರಿ ಬಸ್ಸಿನಲ್ಲಿ ಬಂದವರೆಲ್ಲ ಮುಗಿದ ಮೇಲೆ ಮನೆಗೆ. ಮನೆಯಲ್ಲಿ ಅಪ್ಪಯ್ಯನ ತಾಯಿ, ನಮ್ಮಜ್ಜಿ; ಅಮ್ಮ; ನನಗಿಂತ ಆರು ವರ್ಷ ದೊಡ್ಡ ಶಾರದಕ್ಕ; ಆಮೇಲೆ ನಾನು. ಅಕ್ಕನಿಗೂ ನನಗೂ ನಡುವೆ ಎರಡು ಗಂಡುಮಕ್ಕಳು ಹುಟ್ಟಿ ಹೋಗಿದ್ದವು. ಒಂದು ಹನ್ನೊಂದು ದಿನ ಇತ್ತಂತೆ. ಇನ್ನೊಂದು ಎಂಟು ತಿಂಗಳಿದ್ದು, ಅಂಬೆಗಾಲಿಟ್ಟು, ಅಮ್ಮನನ್ನು ಗುರುತು ಹಿಡಿದು ನಗಲು ಕಲಿತು, ಹೋಯಿತು. ಊರೂರಿಂದ ಬಂದವರ ಸತ್ತ ಹಿರಿಯರಿಗೆಲ್ಲ ನೀರು ಬಿಡಿಸುತ್ತಿದ್ದ ಅಪ್ಪಯ್ಯನಿಗೆ ನಾಳೆ ತನಗೆ ನೀರು ಬಿಡುವವರು ಯಾರು ಅನ್ನುವ ಚಿಂತೆ. ಅಮ್ಮನಿಗೆ ಅಷ್ಟು ದೂರದ ಚಿಂತೆ ಇರಲಿಲ್ಲ. ಮೂರನೆಯದು ಬದುಕಲಿ, ಅಷ್ಟೇ.

ಗಂಡು ಉಳಿಯದ ಮನೆಗಳಲ್ಲಿ ಆಗ ಒಂದಲ್ಲ ಒಂದು ಉಪಾಯ ಮಾಡುವುದಿತ್ತು. ಕೆಲವರು ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಅಂತ ಹೆಸರಿಡುತ್ತಿದ್ದರು. ಕೆಲವರು ತೌಡಿಗೆ ಮಾರಿ ವಾಪಸ್ ತರುತ್ತಿದ್ದರು. ನಮ್ಮಜ್ಜಿ ಇನ್ನೊಂದು ದಾರಿ ಹಿಡಿದಳು. ಸೂಲಗಿತ್ತಿ ನನ್ನನ್ನು ಎತ್ತಿ ಹಿಡಿದು ಬಾಯಿ ತೆರೆಯುವುದರೊಳಗೆ ಅಜ್ಜಿ ಅವಳ ಬಾಯಿಗೆ ಕೈ ಇಟ್ಟಳಂತೆ.

“ಹೆಣ್ಣು ಅನ್ನು. ಜಗಲಿಗೆ ಹೋಗಿ, ಬೀದಿಗೆ ಕೇಳುವ ಹಾಗೆ ಹೆಣ್ಣು ಅನ್ನು.”

ಸೂಲಗಿತ್ತಿ ಹಾಗೇ ಕೂಗಿದಳು. ಅಪ್ಪಯ್ಯ ತಂದಿಟ್ಟಿದ್ದ ಸಕ್ಕರೆ ಹಂಚಲಿಲ್ಲ. ನಾಮಕರಣದಲ್ಲಿ ನರಹರಿ ಅನ್ನುವ ಹೆಸರನ್ನು ನನ್ನ ಕಿವಿಯೊಳಗೆ ಉಸುರಿ, ಹೊರಗೆ ಕಾವೇರಿ ಅಂದರು. ಏಳು ವರ್ಷ ತುಂಬಿದ ಮೇಲೆ ಸಂಗಮದಲ್ಲಿ ತಲೆಗೂದಲು, ಬಳೆ, ಬಟ್ಟೆ ಎಲ್ಲ ಒಪ್ಪಿಸಿ ಹುಡುಗನನ್ನಾಗಿ ಮಾಡುತ್ತೇವೆ ಅಂತ ಅಜ್ಜಿಯ ಹರಕೆ. ಇದನ್ನು ಕೇಳಿ ಮೈತ್ರಿ ಪೆನ್ನು ಕೆಳಗಿಟ್ಟಳು.

“ಅಪ್ಪ, ಎಲ್ಲಾ ಮಗೂಗೂ ಆ ಮಾತು ಹೇಳ್ತಾರೆ. ಗಂಡು ಅಂತಲೋ ಹೆಣ್ಣು ಅಂತಲೋ. ದೇಹ ನೋಡಿ ಸುದ್ದಿ ಹೇಳಿದ್ರು ಅಂದ್ಕೋತೀವಿ. ಆದರೆ ಅಲ್ಲಿಂದಲೇ ಬಟ್ಟೆ, ಹೆಸರು, ಸಕ್ಕರೆ ಎಲ್ಲ ಶುರುವಾಗುತ್ತೆ. ಅದು ಸುದ್ದಿಗಿಂತ ಹೆಚ್ಚಾಗಿ ಒಂದು ಅಪ್ಪಣೆ. ನಿಮ್ಮ ವಿಷಯದಲ್ಲಿ ದೇಹಕ್ಕೂ ಮಾತಿಗೂ ತಾಳೆ ಆಗಲಿಲ್ಲ, ಅದಕ್ಕೆ ಅಪ್ಪಣೆ ಕಣ್ಣಿಗೆ ಕಾಣ್ತಿದೆ.”

ನನಗೆ ಗೊತ್ತಿಲ್ಲದ ಗುಟ್ಟು ಅದಾಗಿರಲಿಲ್ಲ ಅನ್ನುವುದನ್ನು ಹೇಳಬೇಕು. ಮೂರು ವರ್ಷ ತುಂಬುವ ಹೊತ್ತಿಗೇ ಅಜ್ಜಿ ಬಚ್ಚಲಲ್ಲಿ ನೀರು ಹೊಯ್ಯುತ್ತ ನನಗೆ ಹೇಳಿದ್ದಳು: ನೀನು ಗಂಡು, ಗೊತ್ತಾದರೆ ಕರಕೊಂಡು ಹೋಗ್ತಾರೆ, ಯಾರಿಗೂ ಹೇಳಬೇಡ. ಯಾರು ಕರಕೊಂಡು ಹೋಗುವುದು, ಎಲ್ಲಿಗೆ ಅಂತ ಕೇಳಿದ್ದಕ್ಕೆ ಅಣ್ಣಂದಿರು ಹೋದಲ್ಲಿಗೆ ಅಂದಳು. ನಮ್ಮ ಬೀದಿಗೂ ಎಲ್ಲ ಗೊತ್ತಿತ್ತು. ಆದರೂ ಇಡೀ ಬೀದಿ ನನ್ನನ್ನು ಕಾವೇರಿ ಅಂತಲೇ ಕರೆಯಿತು, ಅರಿಶಿನ ಕುಂಕುಮಕ್ಕೆ ಅಕ್ಕನ ಜೊತೆ ನನ್ನನ್ನೂ ಕರೆಯಿತು, ಹೂವು ಮುಡಿಸಿತು. ಒಬ್ಬರೂ ಬಾಯಿ ತಪ್ಪಲಿಲ್ಲ. ಮಾತು ತಪ್ಪಿದರೆ ಒಂದು ಮಗು ಸಾಯುತ್ತದೆ ಅಂತ ಅವರಿಗೂ ಹೆದರಿಕೆ ಇದ್ದಿರಬೇಕು. ಒಂದು ಹುಡುಗಿಯನ್ನು ನಿಲ್ಲಿಸಲು ಅಷ್ಟೂ ಮನೆಯವರು ಬೇಕಾದರು ಅಂತ ಈಗ ಅನಿಸುತ್ತದೆ.

ಹಾಗಾಗಿ ನಾನು ಹುಡುಗಿಯಾಗಿರುವುದನ್ನು ಜೀವ ಕೈಯಲ್ಲಿ ಹಿಡಿದು ಕಲಿತೆ. ಮೊಣಕಾಲು ಜೋಡಿಸಿ ಕೂರುವುದು, ನಗುವಾಗ ಬಾಯಿಗೆ ಕೈ ಅಡ್ಡ ಇಡುವುದು, ಹೊಸಿಲು ದಾಟುವಾಗ ಲಂಗದ ಅಂಚು ಎರಡೇ ಬೆರಳಲ್ಲಿ ಎತ್ತುವುದು, ರಂಗೋಲಿ ಪುಡಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಣ್ಣಗೆ ಬಿಡುವುದು. ಅಪ್ಪಯ್ಯ, ಬಂದ ನೆಂಟರು ನಡುಮನೆಯಲ್ಲಿ ಸಾಲಾಗಿ ಕೂತು ಉಂಡೆದ್ದ ಮೇಲೆ ಅಡಿಗೆಮನೆಯಲ್ಲಿ ಅಮ್ಮ, ಅಜ್ಜಿ, ಅಕ್ಕ, ನಾನು. ಕಣಿಲೆ, ಅಂದರೆ ಎಳೆಬಿದಿರಿನ ಪಲ್ಯ ನಮ್ಮ ಪಾಲಿಗೆ ತಳ ಹಿಡಿದದ್ದೇ ಬರುತ್ತಿತ್ತು. ಆ ತಳ ಹಿಡಿದ ಪಲ್ಯ ತಿಂದರೆ ಈ ದಿನ ಬದುಕಿದೆ ಅಂತ ನನಗೆ ಸಮಾಧಾನ. ಒಮ್ಮೆ ಆಟದ ರಭಸದಲ್ಲಿ ಜಗಲಿಯ ಕಂಬ ಹತ್ತಿ ಗಂಟಲು ಹರಿಯುವಂತೆ ಕೂಗಿದೆ. ಕೂಗಿದವನು ಹಾಗೇ ನಿಂತುಬಿಟ್ಟೆ. ಬೀದಿಯಲ್ಲಿ ಗುರುತಿಲ್ಲದ ಯಾತ್ರಿಕರೊಬ್ಬರು ನಿಂತು ನೋಡಿದರು. ಕರಕೊಂಡು ಹೋಗುವವರು ಇವರೇ ಇರಬೇಕು ಅಂದುಕೊಂಡು ಒಳಗೆ ಓಡಿ ಕತ್ತಲೆ ಕೋಣೆಯ ಚಾಪೆಯ ಹಿಂದೆ ಕೂತೆ. ಸಂಜೆಯವರೆಗೂ ಹೊರಗೆ ಬರಲಿಲ್ಲ, ಅಲ್ಲೇ ಉಚ್ಚೆ ಹೊಯ್ದುಕೊಂಡಿದ್ದೆ.

ನಗು ಬರುವ ವಿಷಯವೂ ಒಂದಿದೆ. ಹುಟ್ಟುಹೆಣ್ಣಾದ ಶಾರದಕ್ಕನಿಗೆ ಇದು ಯಾವುದೂ ಬರುತ್ತಿರಲಿಲ್ಲ. ಅವಳ ರಂಗೋಲಿ ಕೋಳಿ ಕೆದರಿದಂತಿರುತ್ತಿತ್ತು. ಜೋರಾಗಿ ನಗುತ್ತಿದ್ದಳು, ದಾಪುಗಾಲು ಹಾಕುತ್ತಿದ್ದಳು, ಬಡಿಸುವಾಗ ಸಾರು ಚೆಲ್ಲುತ್ತಿದ್ದಳು.

“ನೋಡಿ ಕಲಿ ಮಾರಾಯ್ತಿ, ಕಾವೇರಿಯನ್ನ ನೋಡಿ ಕಲಿ. ಹೆಣ್ಣಾಗಿ ಹುಟ್ಟಿ ಹೀಗಾ ಇರೋದು?” ಅಂತ ಅಜ್ಜಿ ಅವಳಿಗೆ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದಳು.

“ಅದು ಹೆಣ್ಣೇ ಅಲ್ಲ ಅಜ್ಜಿ,” ಅಂತ ಅಕ್ಕ ಪಿಸುಗುಟ್ಟಿದರೆ ತಲೆಗೆ ಮೊಟಕು ಬೀಳುತ್ತಿತ್ತು.

ಒಂದೇ ಅಡಿಗೆಮನೆಯಲ್ಲಿ ಗಂಡುಮೈಯ ನಾನು ಹೆಣ್ಣುತನದಲ್ಲಿ ಪಾಸು, ಹೆಣ್ಣುಮೈಯ ಅಕ್ಕ ಫೇಲು. ಹುಟ್ಟಿನಿಂದ ತಾನಾಗಿ ಬರುವುದಾಗಿದ್ದರೆ ಅವಳಿಗೆ ಮೊಟಕು ಯಾಕೆ ಬೇಕಿತ್ತು ಅಂತ ಯೋಚಿಸುವ ವಯಸ್ಸು ನನ್ನದಲ್ಲ. ನನಗೆ ಹೊಗಳಿಕೆ ಹಿತವಾಗಿತ್ತು, ಇನ್ನಷ್ಟು ಹೆಣ್ಣಾಗುತ್ತಿದ್ದೆ.

ಏಳು ತುಂಬಿತು. ಎಂಟಕ್ಕೆ ಉಪನಯನ ಆಗಬೇಕು, ಶಾಲೆಗೂ ಸೇರಿಸಬೇಕು, ಆಗಲೇ ತಡವಾಗಿದೆ ಅಂತ ಅಪ್ಪಯ್ಯ. ಇನ್ನೊಂದು ವರ್ಷ ಹೀಗೇ ಇರಲಿ ಅಂತ ಅಮ್ಮ. ಹರಕೆ ಅಂದರೆ ಹರಕೆ, ದಿನ ತಪ್ಪಿದರೆ ಅದೇ ಕಂಟಕ ಅಂತ ಅಜ್ಜಿ. ಅಡಿಗೆಮನೆಯಲ್ಲಿ ನಡೆದ ಆ ಜಗಳದಲ್ಲಿ ಅಮ್ಮ ಅಪ್ಪಯ್ಯನಿಗೆ ಎದುರು ನುಡಿದದ್ದನ್ನು ನಾನು ಮೊದಲ ಸಲ ಕೇಳಿದೆ.

“ನಿಮಗೆ ನೀರು ಬಿಡಲಿಕ್ಕೆ ಮಗ ಬೇಕು. ನನಗೆ ಉಸಿರಾಡೋ ಮಗು ಬೇಕು. ಲಂಗ ಉಟ್ಟಿದ್ರೆ ಉಟ್ಟಿರಲಿ.”

ಅಮ್ಮ ಸೋತಳು. ಒಂದು ಬೆಳಗ್ಗೆ ನನ್ನನ್ನು ಸಂಗಮಕ್ಕೆ ಕರೆದುಕೊಂಡು ಹೋದರು. ಕ್ಷೌರಿಕರು ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಜಡೆಯನ್ನು ಬುಡದಲ್ಲೇ ಕತ್ತರಿಸಿ ಅಜ್ಜಿಯ ಕೈಗೆ ಕೊಟ್ಟು, ಉಳಿದದ್ದನ್ನು ಬೋಳಿಸಿದರು. ಬಳೆ ಒಡೆದರು, ಮೂಗುತಿ ತೆಗೆದರು. ಮೂರು ಸಲ ಮುಳುಗಿಸಿ, ಎರಡು ಲಂಗ, ಎರಡು ಜಂಪರು ನೀರಿಗೆ ಬಿಟ್ಟು, ನನಗೊಂದು ಖಾಕಿ ಚಡ್ಡಿ ಹಾಕಿದರು. ಅಪ್ಪಯ್ಯ ಎಲ್ಲರಿಗೂ ಕೇಳುವ ಹಾಗೆ ನರಹರಿ ಅಂತ ಕರೆದರು. ನಾನು ಹಿಂತಿರುಗಿ ನೋಡಲೇ ಇಲ್ಲ, ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡೆ. ಹುಡುಗಿಯ ಬಟ್ಟೆ ಬಿಚ್ಚಿದ ಕೂಡಲೇ ಇಷ್ಟು ದಿನ ಒಳಗೆ ಅಡಗಿದ್ದ ಹುಡುಗ ಹೊರಗೆ ಬರುತ್ತಾನೆ ಅಂತ ನಾನೂ ನಂಬಿದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗಾಗಿ ಕಾದೆ. ಯಾರೂ ಬರಲಿಲ್ಲ. ತಲೆ ಬೋಳಾದ ಕಾವೇರಿ ಚಡ್ಡಿ ಹಾಕಿಕೊಂಡು, ಎರಡು ಬೆರಳಲ್ಲಿ ಇಲ್ಲದ ಲಂಗದ ಅಂಚು ಎತ್ತಿ ಹೊಸಿಲು ದಾಟಿದಳು.

ಆಮೇಲೆ ಶುರುವಾಯಿತು ಅಪ್ಪಯ್ಯನ ಪಾಠ. ಹುಡುಗನಾಗುವುದಕ್ಕೂ ಪಾಠ ಬೇಕಾಗುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ ಕಾಣುತ್ತದೆ. ಮಗ ತಾನಾಗಿ ಮಗನಾಗುತ್ತಾನೆ ಅಂದುಕೊಂಡಿದ್ದರು. ನಾನು ಸೊಂಟ ಬಾಗಿಸಿ ನಡೆದರೆ ಬೆನ್ನಿಗೆ ದರ್ಭೆಯ ಕಟ್ಟಿನಿಂದ ತಟ್ಟುತ್ತಿದ್ದರು. ಹಿತ್ತಿಲಿಗೆ ಕರೆದುಕೊಂಡು ಹೋಗಿ ನಿಂತು ಉಚ್ಚೆ ಹೊಯ್ಯಲು ಹೇಳಿದರು. ನನಗೆ ಕೂತೇ ಅಭ್ಯಾಸ, ನಿಂತರೆ ಬರುತ್ತಲೇ ಇರಲಿಲ್ಲ. ಬರುವವರೆಗೂ ಅಪ್ಪಯ್ಯ ಪಕ್ಕದಲ್ಲಿ ನಿಂತಿರುತ್ತಿದ್ದರು, ಪಾಪ. ನಡುಮನೆಯ ಸಾಲಿನಲ್ಲಿ ಅವರ ಪಕ್ಕ ನನಗೆ ಎಲೆ ಹಾಕಿದರು. ಅಮ್ಮ ಬಡಿಸಲು ಬಂದರೆ ಬಾಯಿಗೆ ತುತ್ತು ಇಳಿಯುತ್ತಿರಲಿಲ್ಲ. ಅಡಿಗೆಮನೆಗೆ ನುಗ್ಗಿದರೆ, ಗಂಡು ಹುಡುಗ ಒಲೆ ಮುಂದೆ ಏನು ಮಾಡ್ತೀಯಾ ಅಂತ ಅಜ್ಜಿ, ಯಾವ ಅಜ್ಜಿ ನನಗೆ ಒಲೆ ಊದಲು ಕಲಿಸಿದಳೋ ಅದೇ ಅಜ್ಜಿ, ಹೊರಗೆ ಅಟ್ಟುತ್ತಿದ್ದಳು. ಮೈ ಅದೇ ಮೈ. ಬಚ್ಚಲಲ್ಲಿ ನೋಡಿಕೊಂಡರೆ ನಿನ್ನೆ ಇದ್ದದ್ದೇ ಇವತ್ತೂ ಇತ್ತು. ಅದರ ಸುತ್ತ ಇದ್ದವರ ಮಾತು ಮಾತ್ರ ತಿರುಗಿಬಿದ್ದಿತ್ತು. ನನಗೋ ಒಂದೊಂದು ಹೆಜ್ಜೆಗೂ ಜೀವಭಯ. ಅಪ್ಪಯ್ಯ ಕಲಿಸಿದ್ದನ್ನು ಸರಿಯಾಗಿ ಮಾಡಿದಷ್ಟೂ ನಾನು ಗಂಡೆಂದು ಸಾವಿಗೆ ತೋರಿಸಿಕೊಟ್ಟಂತೆ. ಮಾಡದಿದ್ದರೆ ಅಪ್ಪಯ್ಯನ ಮುಖ ನೋಡಲಾಗುತ್ತಿರಲಿಲ್ಲ.

ತಿಂಗಳು ಕಳೆಯುವುದರೊಳಗೆ ಜ್ವರ ಬಂತು. ವಿಷಮಶೀತ ಜ್ವರ ಅಂತ ಡಾಕ್ಟರು ಹೇಳಿ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದೆ, ಜ್ವರ ಇಳಿಯಲಿಲ್ಲ. ವಾರ ಕಳೆಯಿತು, ಇನ್ನೂ ನಾಲ್ಕು ದಿನ ಕಳೆಯಿತು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಾನು ಗಂಡು ಅಂತ ಅವರಿಗೆ ಗೊತ್ತಾಯಿತು, ಕರೆದುಕೊಂಡು ಹೋಗಲು ಬಂದಿದ್ದಾರೆ ಅಂತ ಸುಮ್ಮನೆ ಮಲಗಿದ್ದೆ. ಒಂದು ಮಧ್ಯಾಹ್ನ ಅಮ್ಮ ಬಂದು ನನ್ನ ಚಡ್ಡಿ ಬಿಚ್ಚಿದಳು. ಹಪ್ಪಳದ ಡಬ್ಬಿಯ ಅಡಿಯಿಂದ ಒಂದು ಹಸಿರು ಲಂಗ ತೆಗೆದು ಉಡಿಸಿದಳು, ಬೋಳುತಲೆಗೆ ಬಟ್ಟೆ ಹೊದಿಸಿ ಹಣೆಗೆ ಕುಂಕುಮ ಇಟ್ಟಳು. ಸಂಗಮದಲ್ಲಿ ಎಲ್ಲ ಒಪ್ಪಿಸಿದೆವು ಅಂದುಕೊಂಡಿದ್ದರೆ ಅಮ್ಮ ಒಂದು ಲಂಗ ಉಳಿಸಿಕೊಂಡಿದ್ದಳು. ಅಜ್ಜಿ ನೋಡಿದಳು.

“ಅಯ್ಯೋ ಪಾಪಿ, ಹರಕೆ ಅರ್ಧ ಮಾಡಿದ್ಯಲ್ಲೇ. ಅದಕ್ಕೇ ಜ್ವರ. ಬಿಚ್ಚು ಅದನ್ನ, ಹೊಳೆಗೆ ಹಾಕು.”

“ಬಿಚ್ಚಿದ್ದಕ್ಕೇ ಜ್ವರ ಅತ್ತೆ. ಮುಟ್ಟಬೇಡಿ.”

ಇಬ್ಬರೂ ನನ್ನ ಮೈಮೇಲಿನ ಲಂಗದ ಅಂಚು ಹಿಡಿದು ಎಳೆದಾಡುತ್ತಿದ್ದಾಗ ಅಪ್ಪಯ್ಯ ಹೊಳೆಯಿಂದ ಹಿತ್ತಿಲ ಬಾಗಿಲಲ್ಲಿ ಒಳಗೆ ಬಂದರು. ಒದ್ದೆಪಂಚೆಯಿಂದ ನೀರು ನೆಲಕ್ಕೆ ಸೋರುತ್ತಿತ್ತು. ನನ್ನನ್ನು ನೋಡಿದರು. ಈಗ ಹರಿದು ಹಾಕುತ್ತಾರೆ ಅಂತ ಕಣ್ಣು ಮುಚ್ಚಿದೆ. ಅವರು ಪಕ್ಕದಲ್ಲಿ ಕೂತು, ಜಗಲಿ ದಾಟಿ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದರು.

“ಕಾವೇರೀ. ಏಳು ಮಗಳೇ. ಒಂದು ಗುಟುಕು ಗಂಜಿ ಕುಡಿ ಮಗಳೇ.” ಆಮೇಲೆ ಬಾಗಿಲ ಕಡೆ ತಿರುಗಿ ಹೇಳಿದರು, “ಈ ಮನೇಲಿ ಇರೋದು ಎರಡು ಹೆಣ್ಣುಮಕ್ಕಳು. ಗಂಡು ಇಲ್ಲ.”

ದಿನಕ್ಕೆ ನೂರು ಸಲ ವಂಶ ಗೋತ್ರ ಹೇಳಿಸುವ ಮನುಷ್ಯನ ಬಾಯಿಂದ ಆ ಮಾತು ಬಂತು. ಅಜ್ಜಿ ಲಂಗದ ಅಂಚು ಬಿಟ್ಟಳು. ನಾನು ಗಂಜಿ ಕುಡಿದೆ. ಮೂರು ದಿನಕ್ಕೆ ಜ್ವರ ಇಳಿಯಿತು. ಮಾತ್ರೆಗೆ ಇಳಿಯಿತು ಅಂತ ನಾನು ತಿಳಿದಿದ್ದೇನೆ, ಅಮ್ಮ ಸಾಯುವವರೆಗೂ ಲಂಗಕ್ಕೆ ಇಳಿಯಿತು ಅನ್ನುತ್ತಿದ್ದಳು. ಮೈ ಹತ್ತಿದ ಮೇಲೆ ಮತ್ತೆ ಚಡ್ಡಿ ಬಂತು, ಶಾಲೆ ಬಂತು, ಜನಿವಾರ ಬಂತು. ದಿನಾ ಮಾಡಿ ಮಾಡಿ ನಾನೊಬ್ಬ ಹುಡುಗನಾದೆ, ಆಮೇಲೆ ಗಂಡಸು, ಆಮೇಲೆ ಮೇಷ್ಟ್ರು. ಆದರೆ ಒಂದು ದಿನವೂ ಉಳಿದ ಗಂಡಸರ ಹಾಗೆ ಇದು ನನಗೆ ಹುಟ್ಟಿನಿಂದಲೇ ಬಂದದ್ದು ಅಂತ ಅನಿಸಲಿಲ್ಲ. ಈಗಲೂ ನಗು ಬಂದರೆ ಕೈ ಬಾಯಿಗೆ ಹೋಗುತ್ತದೆ, ಅರ್ಧದಲ್ಲಿ ನೆನಪಾಗಿ ಮೀಸೆ ಸವರಿಕೊಳ್ಳುತ್ತೇನೆ.

ಎಲ್ಲ ಕೇಳಿ ಮೈತ್ರಿ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಬರೆಯತೊಡಗಿದಳು. ನನಗೆ ಸುಮ್ಮನಿರಲಾಗಲಿಲ್ಲ.

“ಹಾಗಾದ್ರೆ ಇದೆಲ್ಲ ಸುಳ್ಳಾ? ಅಭ್ಯಾಸ ಮಾಡಿಸಿದ್ರೆ ಯಾರನ್ನ ಬೇಕಾದ್ರೂ ಏನು ಬೇಕಾದ್ರೂ ಮಾಡಬಹುದು ಅಂತಲಾ?”

“ಕಟ್ಟಿದ್ದು ಅಂದ್ರೆ ಸುಳ್ಳು ಅಂತ ಅಲ್ಲಪ್ಪ. ಈ ಮನೇನೂ ಕಟ್ಟಿದ್ದೇ, ಗೋಡೆಗೆ ತಲೆ ಹೊಡೆದ್ರೆ ನೋವಾಗಲ್ವಾ? ತಾತ ಅಷ್ಟು ಹೊಡೆದು ಕಲಿಸಿದ್ರೂ ನಿಮ್ಮ ಕಾವೇರಿ ಹೋಗಿಲ್ಲವಲ್ಲ. ಹೊರಗಿನವರು ಬೇಕಾದ ಹಾಗೆ ತಿದ್ದೋಕೆ ಆಗಲ್ಲ ಅಂತಲೇ ಇದು ತೋರಿಸೋದು. ಇನ್ನು ಯಾರೂ ಹೇಳಿಕೊಡದೆ, ಬೇಡ ಬೇಡ ಅಂದ್ರೂ, ತಾನು ಹೆಣ್ಣು ಅಂತ ಒಳಗಿಂದ ಗೊತ್ತಿರೋ ಹುಡುಗರೂ ಇರ್ತಾರೆ. ಅವರ ಕತೆ ಬೇರೆ, ನಿಮ್ಮದನ್ನ ಅವರ ಮೇಲೆ ಹೇರಬಾರದು.” ಆಮೇಲೆ ಕೇಳಿದಳು, “ನನಗೆ ಒಂದೇ ಅನುಮಾನ. ಹುಡುಗಿ ಬಟ್ಟೆ ಹಾಕಿದ್ರೆ ಸಾವು ಯಾಕೆ ಬರಲ್ಲ?”

“ಹುಡುಗೀನ ಯಾಕೆ ಒಯ್ತಾರೆ? ಬೆಲೆ ಇರೋದನ್ನ ತಾನೇ…” ಅಂದವನು ಅಲ್ಲೇ ನಿಂತೆ. ಅಜ್ಜಿಯ ಬಾಯಲ್ಲಿ ನೂರು ಸಲ ಕೇಳಿದ ಮಾತು. ನನ್ನ ಮಗಳ ಮುಖ ನೋಡುತ್ತ ಅದನ್ನು ಪೂರ್ತಿ ಹೇಳಲಾಗಲಿಲ್ಲ.

“ಆ ಮಾತನ್ನ ನಿಮ್ಮನೇಲಿ ಶಾರದತ್ತೆ ಎದುರಿಗೇ ಆಡ್ತಿದ್ರಾ?” ಅಂತ ಕೇಳಿದಳು ಮೈತ್ರಿ. “ಅವತ್ತು ನಿಮಗೆ ಲಂಗ ಉಡಿಸಿದಾಗ ಅತ್ತೆ ಎಲ್ಲಿದ್ರು?”

ನನಗೆ ಗೊತ್ತಿರಲಿಲ್ಲ. ಐವತ್ತೈದು ವರ್ಷದಲ್ಲಿ ಒಂದು ಸಲವೂ ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಸಂಪಾಜೆಗೆ ಫೋನು ಹಚ್ಚಿದೆವು. ಶಾರದಕ್ಕನಿಗೆ ಈಗ ಅರವತ್ತೆಂಟು, ಮಗನ ಮನೆಯಲ್ಲಿದ್ದಾಳೆ. ಮೈತ್ರಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ, ವಿಷಯ ಹೇಳಿ, ಕೇಳಿದಳು.

“ಜಗಲೀಲಿದ್ದೆ,” ಅಂದಳು ಅಕ್ಕ.

“ಒಬ್ಬರೇನಾ?”

“ಒಬ್ಬಳೇ. ಅಪ್ಪಯ್ಯನ ಪಂಚೆ ಎತ್ತಿ ಕಟ್ಟಿದ್ದೆ. ಅವರ ಅಂಗಿ ಹಾಕಿದ್ದೆ. ಜಡೆ ಕಾಣಬಾರದು ಅಂತ ತಲೆಗೆ ಟವೆಲು ಸುತ್ತಿದ್ದೆ.”

ಮೈತ್ರಿ ನನ್ನ ಕಡೆ ನೋಡಿದಳು. ನಾನು ಇಲ್ಲ ಅಂತ ತಲೆ ಆಡಿಸಿದೆ, ಇದು ನನಗೆ ಗೊತ್ತಿಲ್ಲ ಅಂತ.

“ಯಾಕತ್ತೆ?”

“ಇವನನ್ನ ಒಯ್ಯಲಿಕ್ಕೆ ಬಂದಿದಾರೆ ಅಂತ ಮನೇಲಿ ಎಲ್ಲರೂ ಹೇಳ್ತಿದ್ರಲ್ಲ. ಗಂಡೇ ಬೇಕಾದ್ರೆ ಜಗಲೀಲೇ ಒಬ್ಬ ಸಿಕ್ಕಲಿ, ಒಳಗೆ ಹೋಗೋದು ಬೇಡ ಅಂತ ಕೂತೆ. ಹದಿಮೂರು ವರ್ಷ ನನಗೆ. ಬಾಗಿಲು ತೆಗೆದಿತ್ತು, ಒಳಗಿನದೆಲ್ಲ ಕೇಳ್ತಿತ್ತು.”

“ಹೆದರಿಕೆ ಆಗಲಿಲ್ವಾ?”

“ಆಗದೆ? ಆದರೂ ಕತ್ತಲಾಗೋವರೆಗೂ ಕೂತಿದ್ದೆ. ಅಪ್ಪಯ್ಯ ಹೊರಗೆ ಬಂದವರು ನೋಡಿ, ಏನೇ ಇದು ಕೋಡಂಗಿ ವೇಷ, ಹೋಗು ಒಲೆ ಹಚ್ಚು ಅಂದ್ರು. ಹೋಗಿ ಹಚ್ಚಿದೆ. ಇವನು ಬದುಕಿದ. ಸಂತೋಷವೇ ಆಯ್ತು. ಆದರೆ ಒಂದು ಮಾತು ಹೇಳ್ತೀನಿ ಮಗಾ. ನನಗೆ ಬಹಳ ವರ್ಷ ಬೇಜಾರಿತ್ತು. ಅಷ್ಟು ಹೊತ್ತು ಕೂತೆ, ಯಾರೂ ಬರಲಿಲ್ಲ. ಇವಳು ಹೆಣ್ಣು, ಬಿಡು ಅಂತ ಯಮನಿಗೂ ಗೊತ್ತಾಗಿಬಿಟ್ಟಿತು ಅಂದ್ಕೊಂಡಿದ್ದೆ.”

ಮೈತ್ರಿ ಅಲ್ಲಿಯವರೆಗೆ ಬರೆದದ್ದನ್ನು ಅಳಿಸತೊಡಗಿದಳು. ನಾನು ಅಕ್ಕಾ ಅಂದೆ. ಅದರ ಹಿಂದೆಯೇ ಅಳು ಬಂತು. ಫೋನಿನ ಆ ಕಡೆ ಅದು ಅವಳಿಗೆ ಕೇಳಿಸಿತು.

“ಅಳ್ಬೇಡ್ವೋ, ಗಂಡಸಾಗಿ,” ಅಂದಳು ಅಕ್ಕ. ಅಂದವಳು ತಡೆದಳು. ಆಮೇಲೆ ಮೆಲ್ಲಗೆ ಹೇಳಿದಳು, “ಹೋಗ್ಲಿ, ಅಳು. ನಾನು ಇಲ್ಲೇ ಇದೀನಿ.”